ಒಂದೇ ಮನೆ, ಮೂರು ತಲೆ: ನೆತ್ತಿಯ ಗುಳ್ಳೆ ಗೆಲ್ಲುವ ಎಂಟು ಸೂತ್ರಗಳು

"ಅಣ್ಣಾರ, ತಲ್ಯಾಗ ಗುಳ್ಳಿ ಎದ್ದಾವು, ಮುಟ್ಟಿದ್ರ ನೋವು. ಒಂದು ಟ್ಯೂಬು ಕೊಡ್ರಿ." ಗದಗ ಸೀಮೆಯ ಯಾವುದೇ ಮೆಡಿಕಲ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಇಂಥ ಮಾತು ಕಿವಿಗೆ ಬೀಳುತ್ತದೆ. ಟ್ಯೂಬು ಸಿಗುತ್ತದೆ. ಮನೆಯಲ್ಲಿ ಯಾರ ತಲೆಯಲ್ಲಿ ಗುಳ್ಳೆ ಎದ್ದರೂ ಅದೇ ಟ್ಯೂಬು ಕೈಯಿಂದ ಕೈಗೆ ಹೋಗುತ್ತದೆ. ತಪ್ಪು ಶುರುವಾಗುವುದು ಅಲ್ಲೇ.

ವಿಷಯ ತಿಳಿಯಲೆಂದು ಕುರ್ತಕೋಟಿಯ ಒಂದು ಮನೆಯನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳೋಣ. 58ರ ಯಜಮಾನ ಹೊಲದ ಕೆಲಸಕ್ಕೆ ಪಟಕಾ ಸುತ್ತಿಕೊಂಡು ಹೋಗುತ್ತಾನೆ. 26ರ ಮಗ ದಿನಾ ಹೆಲ್ಮೆಟ್ ಹಾಕಿಕೊಂಡು ಬೈಕಿನಲ್ಲಿ ಗದಗಕ್ಕೆ ಕೆಲಸಕ್ಕೆ ಹೋಗಿಬರುತ್ತಾನೆ. 7 ವರ್ಷದ ಮೊಮ್ಮಗ ಶಾಲೆಗೆ ಹೋಗುತ್ತಾನೆ. ಒಂದೇ ತಿಂಗಳಲ್ಲಿ ಮೂವರ ತಲೆಯಲ್ಲೂ ಗುಳ್ಳೆ. ನೋಡಿದವರು ಒಬ್ಬರಿಂದ ಒಬ್ಬರಿಗೆ ಹತ್ತಿದೆ ಎನ್ನುತ್ತಾರೆ. ಆದರೆ ಮೂವರ ರೋಗವೂ ಬೇರೆ, ಮೂವರಿಗೂ ಬೇಕಾದ ಔಷಧವೂ ಬೇರೆ.

1. ಗುಳ್ಳೆಯ ನಟ್ಟನಡುವೆ ಕೂದಲು ಇದೆಯೇ ನೋಡಿ

ಪ್ರತಿ ಕೂದಲೂ ಚರ್ಮದೊಳಗಿನ ಒಂದು ಸಣ್ಣ ಗೂಡಿನಿಂದ ಹೊರಗೆ ಬರುತ್ತದೆ. ಆ ಗೂಡು ಊದಿ ಕೆಂಪಾದರೆ ಅದನ್ನು ವೈದ್ಯರು ಫಾಲಿಕ್ಯುಲೈಟಿಸ್ ಎನ್ನುತ್ತಾರೆ. ಹಾಗಾಗಿ ಗುರುತು ಸುಲಭ. ಅಕ್ಕಿಕಾಳಿಗಿಂತ ಚಿಕ್ಕ ಗುಳ್ಳೆ, ತುದಿಯಲ್ಲಿ ಹಳದಿ ಕೀವಿನ ಚುಕ್ಕೆ, ಸುತ್ತ ಕೆಂಪು, ನಡುವೆ ಒಂದು ಕೂದಲು. ತಲೆ ನಮ್ಮ ಕಣ್ಣಿಗೆ ಕಾಣದ ಜಾಗ. ಹಗಲು ಬೆಳಕಿನಲ್ಲಿ ಕುಳಿತು, ಕೂದಲು ಬೈತಲೆ ತೆಗೆದು, ಮನೆಯವರಿಂದ ಮೊಬೈಲಿನಲ್ಲಿ ಹತ್ತಿರದ ಫೋಟೊ ತೆಗೆಸಿಕೊಳ್ಳಿ. ನಾಲ್ಕು ದಿನ ಬಿಟ್ಟು ಇನ್ನೊಂದು ತೆಗೆಸಿ. ಹೆಚ್ಚಿತೋ ತಗ್ಗಿತೋ ಎಂಬ ವಾದ ಅಲ್ಲಿಗೆ ಮುಗಿಯುತ್ತದೆ, ಮುಂದೆ ವೈದ್ಯರಿಗೂ ಅದೇ ಫೋಟೊ ಉಪಯೋಗಕ್ಕೆ ಬರುತ್ತದೆ.

2. ನೋವೋ, ತುರಿಕೆಯೋ? ಈ ಪ್ರಶ್ನೆ ತಪ್ಪಿಸಬೇಡಿ

ಪರೀಕ್ಷೆಯಿಲ್ಲದೆ, ಬರೀ ಕೇಳಿ ನೋಡಿ ಅರ್ಧ ದಾರಿ ಸಾಗಬಹುದು.

ಗುಳ್ಳೆ ಮುಟ್ಟಿದರೆ ನೋವು, ಗಾತ್ರ ಒಂದೊಂದರದು ಒಂದೊಂದು ಥರ, ಕೆಲವು ಕೀವು ತುಂಬಿವೆ, ಒಡೆದಲ್ಲಿ ಜೇನಿನ ಬಣ್ಣದ ಹಕ್ಕಳೆ ಕಟ್ಟಿದೆ ಎಂದಾದರೆ ಬ್ಯಾಕ್ಟೀರಿಯಾ ಇರುವ ಸಂಭವ ಹೆಚ್ಚು. ಬಹುಪಾಲು ಅದು ಸ್ಟ್ಯಾಫಿಲೊಕಾಕಸ್ ಆರಿಯಸ್. 1880ರ ಸುಮಾರಿಗೆ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ಕೀವನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದಾಗ ದ್ರಾಕ್ಷಿಗೊಂಚಲಿನಂತೆ ಕಂಡದ್ದು ಇದೇ ಜಾತಿ. ಹೆಸರಿನ ಮೊದಲರ್ಧಕ್ಕೆ ಗ್ರೀಕಿನಲ್ಲಿ ದ್ರಾಕ್ಷಿಗೊಂಚಲು ಎಂದೇ ಅರ್ಥ.

ನೋವಿಗಿಂತ ತುರಿಕೆ ಜಾಸ್ತಿ, ಎಲ್ಲ ಗುಳ್ಳೆಗಳೂ ಸಾಸಿವೆಯಂತೆ ಒಂದೇ ಅಳತೆ, ಹಣೆಯ ಕೂದಲಂಚು, ಭುಜ, ಬೆನ್ನಿನ ಮೇಲ್ಭಾಗದಲ್ಲೂ ಅಂಥವೇ ಇವೆ, ಬೆವರಿದ ದಿನ ಹೆಚ್ಚುತ್ತವೆ ಎಂದಾದರೆ ಮಲಾಸೆಝಿಯಾ ಎಂಬ ಯೀಸ್ಟನ್ನು ಅನುಮಾನಿಸಬೇಕು. ಅದು ಶಿಲೀಂಧ್ರದ ಪೈಕಿ. ತಲೆಹೊಟ್ಟಿಗೂ ಇದಕ್ಕೂ ಹತ್ತಿರದ ನಂಟು.

ಮೂರನೆಯದು ಮಕ್ಕಳದು. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ಅತಿ ಹೆಚ್ಚು ಹಾನಿ ಆಗುವುದು ಅಲ್ಲಿ.

3. ಹತ್ತು ಗುಳ್ಳೆಯೊಳಗಿದ್ದರೆ ಮೊದಲ ವಾರ ಕಾರಣ ತೆಗೆಯಿರಿ

ಮೇಲ್ಮೇಲಿನ ಗುಳ್ಳೆಗಳು ಆರೋಗ್ಯವಂತರಲ್ಲಿ ಬಹಳ ಸಲ ಒಂದು ವಾರ, ಹತ್ತು ದಿನದೊಳಗೆ ತಾವಾಗಿಯೇ ಆರುತ್ತವೆ. ಆ ಅವಧಿಯಲ್ಲಿ ಮಾಡಬೇಕಾದ್ದು ಇಷ್ಟು.

ಎಣ್ಣೆ ನಿಲ್ಲಿಸಿ. ಇದನ್ನು ಹೇಳಿದರೆ ನಮ್ಮ ಭಾಗದ ಹಿರಿಯರಿಗೆ ಕಸಿವಿಸಿ ಆಗುತ್ತದೆ. ಗುಳ್ಳೆ ಎದ್ದದ್ದು ಉಷ್ಣಕ್ಕೆ, ಹರಳೆಣ್ಣೆ ಹಚ್ಚಿದರೆ ತಂಪಾಗುತ್ತದೆ ಎಂಬ ನಂಬಿಕೆ ಆಳವಾಗಿದೆ. ಹಚ್ಚಿದಾಗ ಹಾಯೆನಿಸುವುದು ನಿಜ. ಆದರೆ ಊದಿದ ಗೂಡಿನ ಬಾಯಿಯನ್ನು ಎಣ್ಣೆ ಮತ್ತು ಧೂಳು ಸೇರಿ ಮುಚ್ಚುತ್ತವೆ. ಗುಳ್ಳೆ ಆರುವವರೆಗಾದರೂ ಎಣ್ಣೆ ಬೇಡ.

ಬಿಸಿನೀರಿನ ಶಾಖ ಕೊಡಿ. ಸ್ವಚ್ಛ ಬಟ್ಟೆಯನ್ನು ಕೈಗೆ ತಾಳುವಷ್ಟು ಬಿಸಿಯ ನೀರಿನಲ್ಲಿ ಅದ್ದಿ ಹಿಂಡಿ, ಹತ್ತರಿಂದ ಹದಿನೈದು ನಿಮಿಷ ಗುಳ್ಳೆಯ ಮೇಲಿಡಿ. ದಿನಕ್ಕೆ ಮೂರು ಸಲ. ನೋವು ತಗ್ಗುತ್ತದೆ, ಕೀವು ತಾನಾಗಿ ಹೊರಗೆ ಬರುತ್ತದೆ. ಉಗುರಿನಿಂದ ಹಿಚುಕಿದರೆ ಅದೇ ಕೀವು ಒಳಕ್ಕೂ ಹೋಗುತ್ತದೆ.

ಪಟಕಾ, ಟೋಪಿ, ಹೆಲ್ಮೆಟ್ಟಿನ ಒಳಬಟ್ಟೆ, ದಿಂಬಿನ ಚೀಲ ಇವನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಗಿಸಿ. ಹೆಲ್ಮೆಟ್ ಬಿಡುವುದು ಪರಿಹಾರವಲ್ಲ. ಒಳಗೆ ತೆಳು ಹತ್ತಿಬಟ್ಟೆ ಕಟ್ಟಿಕೊಂಡು ಅದನ್ನು ದಿನಾ ಬದಲಿಸಿದರೆ ಸಾಕು. ಗುಳ್ಳೆ ಕುತ್ತಿಗೆಯ ಹಿಂಬದಿಯಲ್ಲೇ ಇದ್ದರೆ ಕಟಿಂಗ್ ಮಾಡಿಸುವಾಗ ಅಲ್ಲಿ ಬ್ಲೇಡು ಆಡಿಸದಂತೆ ಹೇಳಿ. ತೀರಾ ನುಣ್ಣಗೆ ಬೋಳಿಸಿದ ಕೂದಲು ಬೆಳೆಯುವಾಗ ಚರ್ಮದೊಳಗೆ ಚುಚ್ಚಿಕೊಳ್ಳುತ್ತದೆ, ಮುಂದೆ ಅಲ್ಲಿ ಗಟ್ಟಿ ಗಂಟುಗಳೇ ಉಳಿಯಬಹುದು.

4. ಆ್ಯಂಟಿಬಯಾಟಿಕ್ ಬೇಕಾಗುವ ಗಳಿಗೆಯನ್ನು ಗುರುತಿಸಿ

ಈಗ ಯಜಮಾನನ ತಲೆ. ಹಿಂದಲೆಯಲ್ಲಿ ಆರೇಳು ಗುಳ್ಳೆ ಇದ್ದವು. ಒಂದು ವಾರದಲ್ಲಿ ಹದಿನೈದಾದವು. ಒಂದು ಗುಳ್ಳೆ ಗಜ್ಜುಗದ ಗಾತ್ರದ ಕುರುವಾಯಿತು, ದಿಂಬಿಗೆ ತಲೆ ಇಡಲಾಗದಷ್ಟು ನೋವು.

ನಾಲ್ಕಾರು ಗುಳ್ಳೆ ಒಂದೇ ಕಡೆ ಇದ್ದಾಗ ಹಚ್ಚುವ ಔಷಧ ಸಾಕಾಗುತ್ತದೆ. ಮ್ಯುಪಿರೊಸಿನ್ ಅಥವಾ ಫ್ಯೂಸಿಡಿಕ್ ಆಸಿಡ್ ಮುಲಾಮನ್ನು ದಿನಕ್ಕೆ ಎರಡು ಮೂರು ಸಲ, ಐದರಿಂದ ಏಳು ದಿನ ಹಚ್ಚುವುದು ವಾಡಿಕೆ. ತಲೆಯಲ್ಲಿ ಕೂದಲು ದಟ್ಟವಾಗಿದ್ದರೆ ಮುಲಾಮು ಬುಡಕ್ಕೆ ಇಳಿಯುವುದಿಲ್ಲ, ಆಗ ಕ್ಲಿಂಡಾಮೈಸಿನ್ 1% ದ್ರಾವಣ ಅನುಕೂಲ. ಬೆಂಜಾಯ್ಲ್ ಪೆರಾಕ್ಸೈಡ್ ಇರುವ ಮುಖತೊಳೆಯುವ ಜೆಲ್ಲನ್ನೂ ಕೆಲವು ವೈದ್ಯರು ಕೊಡುತ್ತಾರೆ. ಅದು ಕೂದಲು, ಬಟ್ಟೆಗಳ ಬಣ್ಣ ಎಳೆದುಬಿಡುತ್ತದೆ, ಪಟಕಾ ಕಟ್ಟುವವರು ಚೆನ್ನಾಗಿ ತೊಳೆದುಕೊಳ್ಳಬೇಕು.

ಗುಳಿಗೆ ಬೇಕಾಗುವುದು ಯಾವಾಗ? ಗುಳ್ಳೆ ತಲೆಯ ಬೇರೆ ಬೇರೆ ಕಡೆ ಹರಡಿದಾಗ, ಒಳಕ್ಕಿಳಿದು ಕುರುವಾದಾಗ, ಸುತ್ತಲ ಚರ್ಮ ಕೆಂಪಾಗಿ ಬಿಸಿಯಾದಾಗ, ಜ್ವರ ಬಂದಾಗ, ಸಕ್ಕರೆ ಕಾಯಿಲೆ ಇದ್ದವರಿಗೆ, ಅಥವಾ ಹಚ್ಚುವ ಔಷಧಕ್ಕೆ ಬಗ್ಗದಿದ್ದಾಗ. ಸಾಮಾನ್ಯವಾಗಿ ಸೆಫಲೆಕ್ಸಿನ್, ಕ್ಲಾಕ್ಸಾಸಿಲಿನ್ ಅಥವಾ ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಬರೆಯುತ್ತಾರೆ, ಅವಧಿ ಐದರಿಂದ ಏಳು ದಿನ. ಪೆನಿಸಿಲಿನ್ ಒಗ್ಗದವರು ಅದನ್ನು ಮೊದಲೇ ಹೇಳಬೇಕು. ಮೆಡಿಕಲ್‌ನಲ್ಲಿ ಕೇಳಿದ ಕೂಡಲೇ ಸಿಗುವ ಮೂರು ದಿನದ ಅಜಿಥ್ರೊಮೈಸಿನ್ ಇಲ್ಲಿ ಒಳ್ಳೆಯ ಆಯ್ಕೆಯಲ್ಲ. ಸ್ಟ್ಯಾಫ್‌ನ ಅನೇಕ ತಳಿಗಳು ಇಂದು ಅದಕ್ಕೆ ಮಣಿಯುವುದಿಲ್ಲ.

ಕುರು ಹಣ್ಣಾಗಿ, ಬೆರಳಿನಿಂದ ಒತ್ತಿದರೆ ಒಳಗೆ ನೀರು ತುಂಬಿದಂತೆ ಅಲುಗಿದರೆ ಗುಳಿಗೆಯೊಂದರಿಂದ ಅದು ಇಳಿಯುವುದಿಲ್ಲ. ಕೀವು ಕಟ್ಟಿದ ಗುಳಿಯೊಳಗೆ ಔಷಧ ಸರಿಯಾಗಿ ತಲುಪದು. ಆಸ್ಪತ್ರೆಯಲ್ಲಿ ಚಿಕ್ಕ ಕೊಯ್ತ ಹಾಕಿ ಕೀವು ತೆಗೆಯಬೇಕು.

ಯಜಮಾನನಿಗೆ ಎರಡೂ ಆಯಿತು. ಜೊತೆಗೆ ಖಾಲಿ ಹೊಟ್ಟೆಯ ರಕ್ತ ಪರೀಕ್ಷೆಯಲ್ಲಿ ಸಕ್ಕರೆ 168 ಬಂತು. 126 ಮುಟ್ಟಿದರೇ ಸಕ್ಕರೆ ಕಾಯಿಲೆಯ ಲೆಕ್ಕ, ಇನ್ನೊಂದು ಸಲ ನೋಡಿ ಖಚಿತ ಮಾಡಿಕೊಳ್ಳುತ್ತಾರೆ. ಐವತ್ತು ದಾಟಿದವರ ತಲೆ, ಕುತ್ತಿಗೆಯಲ್ಲಿ ಹೊಸದಾಗಿ ಕುರು ಏಳತೊಡಗಿದರೆ ಸಕ್ಕರೆ ನೋಡಿಸದೆ ಬಿಡಬಾರದು.

5. ಆ್ಯಂಟಿಬಯಾಟಿಕ್ ಸೋತರೆ ಇನ್ನೊಂದು ಆ್ಯಂಟಿಬಯಾಟಿಕ್ ಕೇಳಬೇಡಿ

ಮಗನ ಕಥೆ ಇದು. ಅವನದು ತುರಿಕೆಯ ಗುಳ್ಳೆ, ಹಣೆಯಂಚಿನಿಂದ ಬೆನ್ನಿನವರೆಗೆ, ಎಲ್ಲವೂ ಒಂದೇ ಅಳತೆ. ಅಪ್ಪನಿಗೆ ಬರೆದ ಗುಳಿಗೆಯನ್ನೇ ಐದು ದಿನ ನುಂಗಿದ. ಗುಣ ಕಾಣಲಿಲ್ಲ. ಬೇರೆ ಗುಳಿಗೆ ಹತ್ತು ದಿನ ನುಂಗಿದ. ಗುಳ್ಳೆ ಇಮ್ಮಡಿಯಾದವು.

ಇದಕ್ಕೆ ಕಾರಣವಿದೆ. ಮಲಾಸೆಝಿಯಾ ನಮ್ಮೆಲ್ಲರ ತಲೆಯಲ್ಲೂ ಸದಾ ಇರುವ ಯೀಸ್ಟು. ಅದರ ಜೊತೆ ಬಾಳುವ ಬ್ಯಾಕ್ಟೀರಿಯಾಗಳು ಜಾಗಕ್ಕೆ, ಆಹಾರಕ್ಕೆ ಪೈಪೋಟಿ ಕೊಟ್ಟು ಅದನ್ನು ಹದ್ದಿನಲ್ಲಿಡುತ್ತವೆ. ಆ್ಯಂಟಿಬಯಾಟಿಕ್ ಬ್ಯಾಕ್ಟೀರಿಯಾಗಳನ್ನು ಮಾತ್ರ ಕೊಲ್ಲುತ್ತದೆ. ಹೊಲದಲ್ಲಿ ಬೆಳೆಯನ್ನೇ ಕಿತ್ತು ಕಸವನ್ನು ಬಿಟ್ಟಂತೆ, ಯೀಸ್ಟಿಗೆ ಇಡೀ ಹೊಲ ಸಿಗುತ್ತದೆ. ಇನ್ನೊಂದು ಮಾತು: ಈ ಯೀಸ್ಟಿಗೆ ಕೊಬ್ಬು ಬೇಕೇ ಬೇಕು. ಪ್ರಯೋಗಾಲಯದಲ್ಲಿ ಇದನ್ನು ಬೆಳೆಸಲು ತಟ್ಟೆಗೆ ಆಲಿವ್ ಎಣ್ಣೆ ಹಾಕುವ ಪದ್ಧತಿಯಿದೆ. ರಾತ್ರಿ ತಲೆಗೆ ಎಣ್ಣೆ ಒತ್ತಿಕೊಂಡು ಬೆಳಿಗ್ಗೆ ಹೆಲ್ಮೆಟ್ಟಿನೊಳಗೆ ಬೆವರುವ ತಲೆ ಅದಕ್ಕೆ ಅಂಥದೇ ತಟ್ಟೆ.

ಮಗನಿಗೆ ಬೇಕಾದದ್ದು ಕೀಟೊಕೊನಜೋಲ್ 2% ಶಾಂಪೂ. ವಾರಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ. ಬಹಳ ಮಂದಿ ಇದರಲ್ಲಿ ಸೋಲುವುದು ಒಂದೇ ಕಡೆ: ನೊರೆ ಹಚ್ಚಿದ ಕೂಡಲೇ ತೊಳೆದುಬಿಡುತ್ತಾರೆ. ನೊರೆ ಕೂದಲಿಗಲ್ಲ, ಕೂದಲ ಬುಡದ ಚರ್ಮಕ್ಕೆ ತಾಗಬೇಕು, ಅಲ್ಲಿ ಐದು ನಿಮಿಷ ನಿಲ್ಲಬೇಕು. ಗಡಿಯಾರ ನೋಡಿಕೊಳ್ಳಿ. ಬೆನ್ನು, ಭುಜದ ಗುಳ್ಳೆಗಳಿಗೂ ಅದೇ ನೊರೆ ಹಚ್ಚಿ.

ನಾಲ್ಕು ವಾರ ಸರಿಯಾಗಿ ಬಳಸಿಯೂ ಬಗ್ಗದಿದ್ದರೆ, ಅಥವಾ ಮೊದಲೇ ಬೆನ್ನೆದೆಯ ತುಂಬ ಹರಡಿದ್ದರೆ, ಆಗ ಶಿಲೀಂಧ್ರದ ಗುಳಿಗೆಯ ಸರದಿ. ಇಟ್ರಾಕೊನಜೋಲ್ ಅಥವಾ ಫ್ಲುಕೊನಜೋಲ್ ಎಷ್ಟು, ಎಷ್ಟು ದಿನ ಎಂಬುದನ್ನು ಚರ್ಮದ ವೈದ್ಯರೇ ತೀರ್ಮಾನಿಸಬೇಕು, ಏಕೆಂದರೆ ಇವು ಬೇರೆ ಹಲವು ಗುಳಿಗೆಗಳ ಜೊತೆ ಜಗಳವಾಡುತ್ತವೆ. ಶಾಂಪೂವಿನಲ್ಲಿ ಒಳ್ಳೆಯದಾದ ಕೀಟೊಕೊನಜೋಲನ್ನೇ ಗುಳಿಗೆಯ ರೂಪದಲ್ಲಿ ನುಂಗಬೇಡಿ. ಅದು ಯಕೃತ್ತಿಗೆ ಪೆಟ್ಟು ಕೊಡಬಲ್ಲದು ಎಂದು 2013ರಲ್ಲಿ ಅಮೆರಿಕ, ಯುರೋಪುಗಳ ಔಷಧ ನಿಯಂತ್ರಕರು ಕಟ್ಟೆಚ್ಚರ ಕೊಟ್ಟಿದ್ದಾರೆ.

ಗುಣವಾದ ಮೇಲೂ ಯೀಸ್ಟು ತಲೆಯಲ್ಲಿ ಇದ್ದೇ ಇರುತ್ತದೆ. ಬೇಸಿಗೆಯಲ್ಲಿ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಅದೇ ಶಾಂಪೂ ಹಾಕಿಕೊಂಡರೆ ಮರಳಿ ಬರುವುದು ತಗ್ಗುತ್ತದೆ.

6. ಟ್ಯೂಬಿನ ಮೇಲೆ ಬರೆದ ಹೆಸರುಗಳನ್ನು ಓದಿ

ಮೊದಲಿಗೆ ಅಂಗಡಿಯಿಂದ ತಂದ ಟ್ಯೂಬು ನೆನಪಿದೆಯೇ? ಅಂಥ ಟ್ಯೂಬಿನಲ್ಲಿ ಬಹಳ ಸಲ ಮೂರು ಔಷಧ ಕೂಡಿರುತ್ತವೆ: ಒಂದು ಬ್ಯಾಕ್ಟೀರಿಯಾಕ್ಕೆ, ಒಂದು ಶಿಲೀಂಧ್ರಕ್ಕೆ, ಮೂರನೆಯದು ಸ್ಟಿರಾಯ್ಡ್. ಕ್ಲೊಬೆಟಸಾಲ್, ಬೆಕ್ಲೊಮೆಥಸೋನ್, ಬೆಟಮೆಥಸೋನ್ ಎಂಬ ಯಾವ ಹೆಸರಿದ್ದರೂ ಅದು ಸ್ಟಿರಾಯ್ಡ್. ಹಚ್ಚಿದ ಎರಡನೇ ದಿನಕ್ಕೆ ಕೆಂಪು ಹೋಗುತ್ತದೆ, ತುರಿಕೆ ನಿಲ್ಲುತ್ತದೆ. ಇದು ವಾಸಿಯಲ್ಲ. ರೋಗಾಣುವಿನ ಮೇಲೆ ಹೋರಾಡುತ್ತಿದ್ದ ಚರ್ಮದ ಕೈ ಕಟ್ಟಿದಂತೆ. ಬಿಟ್ಟ ವಾರಕ್ಕೆ ಮೊದಲಿಗಿಂತ ಜೋರಾಗಿ ಮರಳುತ್ತದೆ, ರೂಪ ಬದಲಾದ್ದರಿಂದ ವೈದ್ಯರಿಗೂ ಗುರುತು ಸಿಗುವುದು ಕಷ್ಟ. ಇಂಥ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರದಂತೆ 2018ರಲ್ಲಿ ಕೇಂದ್ರ ಸರಕಾರ ನಿಯಮ ಬಿಗಿ ಮಾಡಿತು. ಆದರೂ ಕೇಳಿದವರಿಗೆ ಸಿಗುತ್ತಲೇ ಇವೆ ಎನ್ನುವುದು ನನ್ನನ್ನು ನಿಜಕ್ಕೂ ಕಳವಳಕ್ಕೆ ಈಡುಮಾಡುತ್ತದೆ.

ವೈದ್ಯರ ಬಳಿ ಹೋಗುವಾಗ ಆ ಟ್ಯೂಬನ್ನೂ, ನುಂಗಿದ ಗುಳಿಗೆಯ ಹಾಳೆಯನ್ನೂ ಒಯ್ಯಿರಿ. ಬೈಯುತ್ತಾರೆಂದು ಬಚ್ಚಿಡಬೇಡಿ.

7. ಮೂರನೆಯ ಸಲ ಬಂದರೆ ಪರೀಕ್ಷೆ ಕೇಳಿ

ಒಡೆಯದ ಒಂದು ಗುಳ್ಳೆಯ ಕೀವನ್ನು ಹತ್ತಿಕಡ್ಡಿಯಲ್ಲಿ ತೆಗೆದು ಕಲ್ಚರ್‌ಗೆ ಕಳಿಸಿದರೆ ಎರಡು ಮೂರು ದಿನದಲ್ಲಿ ಯಾವ ಬ್ಯಾಕ್ಟೀರಿಯಾ, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿಯುತ್ತದೆ. ಗುಳಿಗೆ ಶುರು ಮಾಡುವ ಮೊದಲೇ ಮಾಡಿಸಬೇಕು. ಸ್ಟ್ಯಾಫ್ ಅನೇಕರ ಮೂಗಿನ ಹೊಳ್ಳೆಯಲ್ಲಿ ತೊಂದರೆ ಕೊಡದೆ ವಾಸವಾಗಿರುತ್ತದೆ. ಮೂಗಿನಿಂದ ಬೆರಳಿಗೆ, ಬೆರಳಿನಿಂದ ತಲೆಗೆ. ಪದೇ ಪದೇ ಬರುವವರಿಗೆ ವೈದ್ಯರು ಮೂಗಿನೊಳಗೆ ಮ್ಯುಪಿರೊಸಿನ್ ಐದು ದಿನ ಹಚ್ಚಿಸುವುದು ಅದಕ್ಕೇ.

ಗುಳ್ಳೆ ಆರಿದ ಜಾಗ ನುಣುಪಾಗಿ ಹೊಳೆಯತೊಡಗಿದರೆ, ಒಂದೇ ರಂಧ್ರದಿಂದ ಗೊಂಬೆಯ ಕೂದಲಿನಂತೆ ಐದಾರು ಎಳೆ ಹೊರಬಂದಿದ್ದರೆ ಅದು ಗೂಡನ್ನೇ ಸುಡುವ ಬೇರೆ ಕಾಯಿಲೆ. ಅದಕ್ಕೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕು, ಕೂಡಲೇ ಚರ್ಮದ ವೈದ್ಯರನ್ನು ಕಾಣಿ. ಗದಗದ ಜಿಮ್ಸ್ ಸರಕಾರಿ ವೈದ್ಯಕೀಯ ಕಾಲೇಜು, ಕಿಮ್ಸ್ ಎಂದು ಜನ ಕರೆಯುವ ಹುಬ್ಬಳ್ಳಿಯ ಸರಕಾರಿ ಆಸ್ಪತ್ರೆ ಎರಡೂ ಕುರ್ತಕೋಟಿಯಿಂದ ಹೋಗಿಬರುವ ದೂರದಲ್ಲಿವೆ. ಜ್ವರ, ಚಳಿ, ಮುಖ ಅಥವಾ ಕಣ್ಣಿನತ್ತ ಹರಡುವ ಬಾವು, ತೀವ್ರ ತಲೆನೋವು ಇದ್ದರೆ ನಾಳೆಗೆ ಕಾಯದೆ ಅದೇ ದಿನ ಹೊರಡಿ.

8. ಮಗುವಿನ ತಲೆಯ ಬಾವನ್ನು ಕೊಯ್ಯಿಸುವ ಮೊದಲು ಒಂದು ಕೂದಲು ಎಳೆದು ನೋಡಿ

ಮೊಮ್ಮಗನ ನೆತ್ತಿಯಲ್ಲಿ ಮೊದಲು ರೂಪಾಯಿಯಗಲದ ಹೊಟ್ಟುಹೊಟ್ಟಾದ ಜಾಗ ಕಂಡಿತ್ತು. ಕೂದಲು ಬುಡದಲ್ಲೇ ಮುರಿದು ಕರಿಚುಕ್ಕೆಯಂತೆ ಉಳಿದಿತ್ತು. ಮನೆಯವರು ಟ್ಯೂಬು ಹಚ್ಚಿದರು. ಮೂರು ವಾರದಲ್ಲಿ ಅದು ನಿಂಬೆಹಣ್ಣಿನ ಹೋಳಿನಂತೆ ಊದಿತು. ಮುಟ್ಟಿದರೆ ಮೆತ್ತಗೆ, ಹತ್ತಾರು ತೂತುಗಳಿಂದ ಕೀವು, ಕುತ್ತಿಗೆಯ ಹಿಂದೆ ಗಂಟು. ಆ್ಯಂಟಿಬಯಾಟಿಕ್ ಸಿರಪ್ ಕೊಟ್ಟದ್ದಾಯಿತು. ಕೊಯ್ದು ಕೀವು ತೆಗೆಸಿಬಿಡೋಣ ಎಂದು ಎಲ್ಲರೂ ಹೇಳುವ ಹಂತ ಅದು.

ತಲೆಯ ಹುಳುಕಡ್ಡಿ ಕೆರಳಿ ಈ ರೂಪ ತಾಳುತ್ತದೆ, ವೈದ್ಯರ ಭಾಷೆಯಲ್ಲಿ ಕೀರಿಯಾನ್. ಇಲ್ಲಿನ ಶಿಲೀಂಧ್ರ ಮಲಾಸೆಝಿಯಾ ಅಲ್ಲ. ಕೂದಲನ್ನೇ ತಿಂದು ಬದುಕುವ ಬೇರೆ ಕುಲ, ನಮ್ಮ ದೇಶದಲ್ಲಿ ಹೆಚ್ಚಾಗಿ ಟ್ರೈಕೊಫೈಟಾನ್ ವಯೊಲೇಸಿಯಮ್. ಬಾವು ಮತ್ತು ಕೀವು ಬಹುಪಾಲು ಆ ಶಿಲೀಂಧ್ರದ ಮೇಲೆ ಮಗುವಿನ ಮೈ ಸಿಡಿದೆದ್ದುದರ ಫಲ. ಕೊಯ್ದರೆ ಹೊರಬರುವ ಕೀವಿನ ಗುಳಿಯೇ ಅಲ್ಲಿರುವುದಿಲ್ಲ, ಉಳಿಯುವುದು ಬೋಳು ಗಾಯದ ಗುರುತು.

ಗುರುತಿಸುವ ಬಗೆ ಇದು. ಬಾವಿನ ಮೇಲಿನ ಒಂದು ಕೂದಲನ್ನು ಮೆಲ್ಲಗೆ ಎಳೆಯಿರಿ. ಬ್ಯಾಕ್ಟೀರಿಯಾದ ಕುರುವಾದರೆ ಕೂದಲು ಗಟ್ಟಿಯಾಗಿರುತ್ತದೆ, ಮಗು ಚೀರುತ್ತದೆ. ಹುಳುಕಡ್ಡಿಯಾದರೆ ಕೂದಲು ನೋವಿಲ್ಲದೆ ಸಲೀಸಾಗಿ ಕೈಗೆ ಬರುತ್ತದೆ. ಹಾಗೆ ಬಂದ ಕೂದಲು ಮತ್ತು ಹೊಟ್ಟಿನ ಮೇಲೆ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದೇ ದಿನ ಉತ್ತರ ಸಿಗಬಹುದು. ಕಲ್ಚರ್ ಬರಲು ವಾರಗಳೇ ಬೇಕು, ಅದಕ್ಕಾಗಿ ಔಷಧ ತಡೆಯುವುದಿಲ್ಲ. ಹೆಣ್ಣುಮಕ್ಕಳಲ್ಲಿ ಹಿಂದಲೆಯ ಹುಣ್ಣು, ಕುತ್ತಿಗೆಯ ಗಂಟು ಕಂಡರೆ ಹೇನು, ಸೀರುಗಳನ್ನೂ ಹುಡುಕಿ. ತುರಿಸಿ ತುರಿಸಿ ಆದ ಹುಣ್ಣಿಗೆ ಹೇನು ಹೋಗದೆ ಯಾವ ಔಷಧವೂ ನಿಲ್ಲದು.

ಮುಖ್ಯ ಮಾತು: ಇಲ್ಲಿ ಮುಲಾಮು, ಶಾಂಪೂ ಸಾಲುವುದಿಲ್ಲ. ಶಿಲೀಂಧ್ರ ಕೂದಲ ಬೇರಿನಲ್ಲಿ ಕುಳಿತಿರುವುದರಿಂದ ಔಷಧ ರಕ್ತದ ಮೂಲಕವೇ ಹೋಗಬೇಕು. ಗ್ರಿಸಿಯೊಫಲ್ವಿನ್ ಆದರೆ ಆರರಿಂದ ಎಂಟು ವಾರ, ಹಾಲು ಅಥವಾ ತುಪ್ಪದ ಊಟದ ಜೊತೆ ಕೊಟ್ಟರೆ ಚೆನ್ನಾಗಿ ಮೈಗೆ ಹತ್ತುತ್ತದೆ. ಟರ್ಬಿನಫಿನ್ ಆದರೆ ಸುಮಾರು ನಾಲ್ಕು ವಾರ. ಎರಡಕ್ಕೂ ಪ್ರಮಾಣ ಮಗುವಿನ ತೂಕದ ಮೇಲೆ, ವೈದ್ಯರೇ ಲೆಕ್ಕ ಹಾಕಬೇಕು. ಮೇಲೆ ಮತ್ತೊಂದು ಬ್ಯಾಕ್ಟೀರಿಯಾ ಸೇರಿದೆ ಎಂದು ಕಂಡರೆ ಮಾತ್ರ ಆ್ಯಂಟಿಬಯಾಟಿಕ್ ಜೊತೆಗೂಡುತ್ತದೆ. ಕೀಟೊಕೊನಜೋಲ್ ಶಾಂಪೂ ಇಲ್ಲಿ ಮಾಡುವ ಕೆಲಸ ಬೇರೆ. ಬೀಜಾಣು ಉದುರಿ ಬೇರೆ ಮಕ್ಕಳಿಗೆ ಹತ್ತುವುದನ್ನು ಅದು ತಗ್ಗಿಸುತ್ತದೆ, ಹಾಗಾಗಿ ಮನೆಯ ಉಳಿದ ಮಕ್ಕಳೂ ವಾರಕ್ಕೆರಡು ಸಲ ಹಾಕಿಕೊಳ್ಳುವುದು ಒಳ್ಳೆಯದು. ಬಾಚಣಿಗೆ, ಟೋಪಿ, ಟವೆಲ್ ಬೇರೆ ಇಡಿ. ತಲೆ ಬೋಳಿಸಬೇಕಾಗಿಲ್ಲ. ಗುಳಿಗೆ ಶುರುವಾದ ಮೇಲೆ ಶಾಲೆ ಬಿಡಿಸಬೇಕಾಗಿಯೂ ಇಲ್ಲ.

ಗುಳಿಗೆ ಶುರುವಾಗಿ ನಾಲ್ಕೈದು ದಿನಕ್ಕೆ ಮೊಮ್ಮಗನ ಮೈ, ಕಿವಿಯ ಸುತ್ತ ಸಣ್ಣ ತುರಿಕೆ ಗುಳ್ಳೆಗಳೆದ್ದವು. "ಗುಳಿಗಿ ಒಗ್ಗವಲ್ದು, ನಿಲ್ಲಿಸಿಬಿಡ್ರಿ" ಎಂದಳು ಅಜ್ಜಿ. ಹೀಗಾದಾಗ ಬಹಳ ಮನೆಗಳಲ್ಲಿ ಚಿಕಿತ್ಸೆ ಅರ್ಧಕ್ಕೆ ನಿಲ್ಲುತ್ತದೆ. ಸಾಯುತ್ತಿರುವ ಶಿಲೀಂಧ್ರದ ಮೇಲೆ ಮೈ ತೋರುವ ಪ್ರತಿಕ್ರಿಯೆಯೇ ಬಹಳ ಸಲ ಹೀಗೆ ಕಾಣಿಸಿಕೊಳ್ಳುತ್ತದೆ. ನಿಲ್ಲಿಸುವ ಮೊದಲು ವೈದ್ಯರಿಗೆ ತೋರಿಸಿ, ಉಸಿರಾಟದ ತೊಂದರೆ ಅಥವಾ ತುಟಿ, ಬಾಯಿಗಳಲ್ಲಿ ಊತ, ಹುಣ್ಣು ಇದ್ದರೆ ಮಾತ್ರ ಅದನ್ನು ಔಷಧ ಒಗ್ಗದ ಲಕ್ಷಣ ಎಂದು ಹಿಡಿದು ತಕ್ಷಣ ಆಸ್ಪತ್ರೆಗೆ ಓಡಬೇಕು. ಹುಡುಗನ ಗುಳಿಗೆ ಮುಂದುವರಿಯಿತು. ನಾಲ್ಕನೇ ವಾರ ಬಾವು ಇಳಿದು ಚರ್ಮ ಸಪಾಟಾಗಿತ್ತು. ಬಿಸಿಲಿನಲ್ಲಿ ತಲೆ ಬಗ್ಗಿಸಿ ನೋಡಿದರೆ ಬೋಳಾಗಿದ್ದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರಗಳು ಕಾಣುತ್ತಿದ್ದವು, ಕೆಲವುಗಳಿಂದ ಎಳ್ಳಿನ ಮೊನೆಯಷ್ಟು ಕಪ್ಪು ಕೂದಲು ಹೊರಗೆ ಇಣುಕಿತ್ತು. ಒಂದು ಅಂಚಿನಲ್ಲಿ ಮಾತ್ರ ಬೆರಳುಗುರಿನಗಲ ಜಾಗ ರಂಧ್ರವೇ ಇಲ್ಲದೆ ನುಣ್ಣಗಿತ್ತು. ಟ್ಯೂಬು ಹಚ್ಚುತ್ತ ಕಳೆದ ಆ ಮೂರು ವಾರಕ್ಕೆ ಹೋದ ಕೂದಲು ಅದು, ಅಲ್ಲಿ ಮತ್ತೆ ಬೆಳೆಯುವುದಿಲ್ಲ.